ಓಬವ್ವ ಕಿಂಡಿಯ ಯಾವ ಕಡೆ ನಿಂತಿದ್ದಾಳೆ?

ಪ್ರೀತಿಯ ತಮ್ಮ,

ನೀನು ಕಳಿಸಿದ ಮೂರೂ ಸ್ಕೆಚ್ ತಲುಪಿದವು. ಮೂರರಲ್ಲೂ ನಿನ್ನ ಕಾಮಿಕ್ಸ್‌ನ ಅದೇ ಪುಟ. ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆ ಬರುತ್ತಾಳೆ, ಕಿಂಡಿಯ ಕಡೆ ಸದ್ದು ಕೇಳುತ್ತದೆ, ಒನಕೆ ತಂದು ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರಾಗಿ ಬಡಿಯುತ್ತಾಳೆ. ಯಾವುದು ಚೆನ್ನಾಗಿದೆ ಅಂತ ಕೇಳಿದ್ದೀಯ. ಚಿತ್ರ ಚೆನ್ನಾಗಿರುವುದು ಮೊದಲನೆಯದು. ಕಥೆ ಗೊತ್ತಾಗುವುದು ಎರಡನೆಯದರಲ್ಲಿ, ನೀನು ಅವಸರದಲ್ಲಿ ಗೀಚಿ ಕಳಿಸಿದ್ದರಲ್ಲಿ.

ಈ ಮಾತು ನಿನಗೆ ಹಿಡಿಸಲಿಕ್ಕಿಲ್ಲ. ಆದರೆ ಇಂಕ್ ಮಾಡಿ ನೆರಳು ಹಾಕಿದ ಪುಟವನ್ನು ಬರೀ ಪೆನ್ಸಿಲ್ ಗೀಟಿನ ಪುಟದ ಪಕ್ಕ ಇಟ್ಟರೆ ಕಣ್ಣು ಇಂಕಿನ ಕಡೆಗೇ ಹೋಗುತ್ತದೆ. ಅದಕ್ಕೇ ನಾನು ಮೂರನ್ನೂ ಅಂಗೈಯಗಲದ ಕಾಗದದ ಮೇಲೆ ಕಡ್ಡಿ ಮನುಷ್ಯರಲ್ಲಿ ಮತ್ತೆ ಬರೆದುಕೊಂಡೆ. ಮುಖ ಇಲ್ಲ, ಬಂಡೆಯ ಮೇಲಿನ ಬಿರುಕಿಲ್ಲ. ಆಗ ಉಳಿಯುವುದು ಯಾರು ಎಲ್ಲಿದ್ದಾರೆ, ಯಾವ ಕಡೆ ಹೋಗುತ್ತಿದ್ದಾರೆ, ಮುಂದೆ ಏನಾಗುತ್ತದೆ, ಇಷ್ಟೇ. ಹೋಲಿಸಬೇಕಾದದ್ದೂ ಇಷ್ಟನ್ನೇ.

ನೀನು ಆರಿಸಿಕೊಂಡ ಕಥೆಯಲ್ಲೇ ಒಂದು ಮೋಸ ಇದೆ. ಚಿತ್ರದುರ್ಗದಲ್ಲಿ ಯಾರಿಗೆ ಈ ಪುಟ ತೋರಿಸಿದರೂ 'ಸೂಪರ್' ಅನ್ನುತ್ತಾರೆ. ನೀನು ಬಿಟ್ಟದ್ದನ್ನೆಲ್ಲ ಅವರೇ ತುಂಬಿಕೊಳ್ಳುತ್ತಾರೆ, ಯಾಕೆಂದರೆ ಒನಕೆ ಕಂಡರೆ ಸಾಕು, ಅವರಿಗೆ ಇಡೀ ಕಥೆ ನೆನಪಾಗುತ್ತದೆ. ಅವರು ನಿನ್ನ ಪುಟ ಓದುತ್ತಿಲ್ಲ, ತಮ್ಮ ನೆನಪು ಓದುತ್ತಿದ್ದಾರೆ. ಹಾಸ್ಟೆಲ್‌ನಲ್ಲಿ ಹೊರ ರಾಜ್ಯದ ಹುಡುಗರಿದ್ದರೆ ಒಬ್ಬನನ್ನು ಹಿಡಿ. ಮಾತಿನ ಬಲೂನುಗಳನ್ನು ಕಾಗದದಿಂದ ಮುಚ್ಚಿ ಪುಟ ಕೊಡು. 'ಅರ್ಥ ಆಯ್ತಾ?' ಅಂತ ಕೇಳಬೇಡ, ಎಲ್ಲರೂ ಹೂಂ ಅನ್ನುತ್ತಾರೆ. 'ಏನಾಯ್ತು ಹೇಳು' ಅನ್ನು. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಪೆನ್ಸಿಲ್ ಇಡು.

ಮೊದಲನೆಯ ಸ್ಕೆಚ್‌ನಲ್ಲಿ ಅವನು ನಾಲ್ಕನೇ ಪ್ಯಾನೆಲ್‌ಗೆ ಬಂದಾಗ ತಡವರಿಸುವುದು ಗ್ಯಾರಂಟಿ. ಮೂರನೇ ಪ್ಯಾನೆಲ್‌ನಲ್ಲಿ ಕಿಂಡಿ ಎಡಗಡೆ ಇದೆ, ಸೈನಿಕನ ತಲೆ ಬಲಕ್ಕೆ ತೂರಿ ಬರುತ್ತಿದೆ. ಸರಿ. ನಾಲ್ಕನೆಯದರಲ್ಲಿ ಓಬವ್ವ ಒಬ್ಬಳೇ, ಒನಕೆ ಎತ್ತಿದ್ದಾಳೆ, ಅವಳ ಮುಖವೂ ಬಲಕ್ಕೇ ತಿರುಗಿದೆ. ಕಥೆ ಗೊತ್ತಿಲ್ಲದವನಿಗೆ ಅವಳು ಸೈನಿಕನ ಜೊತೆಗೇ ನುಗ್ಗುತ್ತಿರುವ ಹಾಗೆ ಕಾಣುತ್ತದೆ. ಐದನೆಯದರಲ್ಲಿ ಕಿಂಡಿ ಬಲಕ್ಕೆ ಹಾರಿದೆ. ಈಗ ಕೋಟೆಯ ಒಳಗು ಯಾವುದು, ಹೊರಗು ಯಾವುದು?

ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿನವರೆಗೆ ನೆಲದ ಮೇಲೆ ಒಂದು ಗೆರೆ ಎಳೆದಿದೆ ಅಂದುಕೋ. ನೋಡುವ ನಾವು ಆ ಗೆರೆಯ ಒಂದೇ ಪಕ್ಕ ಇರಬೇಕು. ಗೆರೆ ದಾಟಿದ ಕೂಡಲೇ ಎಡಗಡೆಯವನು ಬಲಕ್ಕೆ ಬರುತ್ತಾನೆ, ನುಗ್ಗುವವನು ಓಡಿಹೋಗುವವನ ಹಾಗೆ ಕಾಣುತ್ತಾನೆ. ಹಾಗಾಗಿ ಈ ಪುಟದಲ್ಲಿ ಕಿಂಡಿ ಉದ್ದಕ್ಕೂ ಎಡಗಡೆಯೇ ಇರಲಿ, ಓಬವ್ವ ಬಲಗಡೆ, ಅವಳ ಮುಖ ಎಡಕ್ಕೆ. ಇದರಿಂದ ಇನ್ನೊಂದು ಲಾಭವೂ ಇದೆ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹರಿಯುತ್ತದೆ. ಶತ್ರು ಅದರ ಜೊತೆಗೇ ಬರುತ್ತಾನೆ, ಓಬವ್ವ ಅದಕ್ಕೆ ಅಡ್ಡ ನಿಲ್ಲುತ್ತಾಳೆ. ಎರಡನೆಯ ಸ್ಕೆಚ್‌ನಲ್ಲಿ ನಿನಗೆ ತಿಳಿಯದೆಯೇ ಇದು ಸರಿಯಾಗಿ ಬಂದಿದೆ. ಗೆರೆ ದಾಟಲೇಬೇಕು ಅನಿಸಿದರೆ ನಡುವೆ ಒಂದು ಪ್ಯಾನೆಲ್ ಅವಳ ಬೆನ್ನ ಹಿಂದಿನಿಂದ ಬರಿ. ಕಿಂಡಿ ನೇರ ಎದುರಿಗೆ ಕಾಣಲಿ. ಓದುಗ ಅವಳ ಜೊತೆ ತಿರುಗುತ್ತಾನೆ, ದಾರಿ ತಪ್ಪುವುದಿಲ್ಲ.

ಇನ್ನು ಒಬ್ಬೊಬ್ಬರಾಗಿ ಸಾಯುವ ಭಾಗ. ಮೊದಲನೆಯದರಲ್ಲಿ ಅರ್ಧ ಪುಟದ ಒಂದೇ ದೊಡ್ಡ ಪ್ಯಾನೆಲ್: ಎತ್ತಿದ ಒನಕೆ, ಕಾಲ ಬಳಿ ಹೆಣಗಳ ರಾಶಿ. ಪೋಸ್ಟರ್‌ಗೆ ಒಳ್ಳೆಯದು. ಆದರೆ ಕಥೆ ಗೊತ್ತಿಲ್ಲದವನು ತಕ್ಷಣ ಕೇಳುತ್ತಾನೆ, ಮುಂದೆ ಬಂದವನು ಸತ್ತದ್ದು ಹಿಂದಿನವನಿಗೆ ಕಾಣಲಿಲ್ಲವಾ? ಜನ ಹೇಳುವ ಕಥೆಯಲ್ಲೇ ಉತ್ತರ ಇದೆ. ಅವಳು ಸದ್ದಿಲ್ಲದೆ ಹೆಣವನ್ನು ಪಕ್ಕಕ್ಕೆ ಎಳೆದು ಹಾಕುತ್ತಾಳೆ. ಆ ಒಂದು ಪ್ಯಾನೆಲ್ ನೀನು ಮೂರರಲ್ಲೂ ಬಿಟ್ಟಿದ್ದೀಯ. ಹೊಡೆತಕ್ಕಿಂತ ಅದು ಮುಖ್ಯ. ಕಿಂಡಿ ಖಾಲಿ, ನೆಲದ ಮೇಲೆ ಎಳೆದ ಗುರುತು, ಚೌಕಟ್ಟಿನ ಬಲ ಅಂಚಿನಲ್ಲಿ ಮರೆಯಾಗುತ್ತಿರುವ ಎರಡು ಪಾದ. ಆಮೇಲೆ ಒಂದೇ ಅಳತೆಯ ಮೂರು ಸಣ್ಣ ಪ್ಯಾನೆಲ್, ಒಂದೇ ಕೋನ, ಕಿಂಡಿ ಅದೇ ಜಾಗದಲ್ಲಿ. ಬದಲಾಗುವುದು ಒಳಗೆ ತೂರುವ ತಲೆ ಮತ್ತು ಬಂಡೆಯ ನೆರಳು ಮಾತ್ರ. ಕೋನ ಬದಲಿಸಿದರೆ ಬೇರೆ ಜಾಗ ಅನಿಸುತ್ತದೆ. ಬದಲಿಸದಿದ್ದರೆ ಹೊತ್ತು ಹೋಯಿತು ಅನಿಸುತ್ತದೆ.

ಮೂರನೆಯ ಸ್ಕೆಚ್‌ನ ತೊಂದರೆ ಬೇರೆ. ಎಡಕ್ಕೆ ಒಂದರ ಕೆಳಗೆ ಒಂದು ಎರಡು ಪ್ಯಾನೆಲ್, ಬಲಕ್ಕೆ ಎರಡರಷ್ಟು ಎತ್ತರದ ಒಂದು. ಮೇಲಿನದನ್ನು ಓದಿ ಕೆಲವರು ಕೆಳಗೆ ಇಳಿಯುತ್ತಾರೆ, ಕೆಲವರು ಸೀದಾ ಬಲಕ್ಕೆ ಹೋಗುತ್ತಾರೆ. ಬಲಕ್ಕೆ ಹೋದವರಿಗೆ ಒನಕೆ ತರುವ ಮೊದಲೇ ಏಟು ಬಿದ್ದಿರುತ್ತದೆ! ಎತ್ತರದ್ದನ್ನು ಎಡಕ್ಕೆ ತಂದರೆ ಗೊಂದಲವೇ ಇಲ್ಲ, ಆದರೆ ಆಗ ಆ ಜಾಗಕ್ಕೆ ಏಟಲ್ಲ, ಕಿಂಡಿಯನ್ನು ಮೊದಲ ಸಲ ನೋಡುವ ಚಿತ್ರ ಬರಬೇಕು. ಇಲ್ಲವಾದರೆ ಎಡದ ಎರಡರ ನಡುವಿನ ಸಂದು ಕಿರಿದು ಮಾಡು, ಬಲಕ್ಕೆ ಹೋಗುವ ಸಂದು ಅಗಲ ಮಾಡು. ಹತ್ತಿರ ಇದ್ದದ್ದನ್ನು ಕಣ್ಣು ಒಟ್ಟಿಗೆ ಓದುತ್ತದೆ. ಓರೆ ಚೌಕಟ್ಟುಗಳನ್ನು ಸದ್ಯಕ್ಕೆ ಬಿಡು. ಅವು ಸುಮ್ನೆ ಗದ್ದಲ.

ಪಾತ್ರದ ವಿಷಯ. ಮುಖ ಬದಲಾಗುತ್ತಿದೆ ಅಂತ ನೀನೇ ಬರೆದಿದ್ದೀಯ. ನನಗೆ ಮುಖಕ್ಕಿಂತ ಮೊದಲು ಕಂಡದ್ದು ಸೆರಗು. ಐದನೇ ಪ್ಯಾನೆಲ್‌ನಲ್ಲಿ ಅದು ಬಲಭುಜದ ಮೇಲಿದೆ. ಮೊಬೈಲ್‌ನಲ್ಲಿ ಚಿತ್ರ ತಿರುಗಿಸಿ ನಕಲು ಮಾಡಿದ್ದೀಯ ಅಲ್ವಾ? ಒನಕೆ ಒಂದು ಕಡೆ ಅವಳ ಭುಜದೆತ್ತರ ಇದೆ, ಇನ್ನೊಂದು ಕಡೆ ಲಟ್ಟಣಿಗೆಯಷ್ಟಾಗಿದೆ. ಒಂದು ಹಾಳೆಯಲ್ಲಿ ಅವಳನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ನಿಲ್ಲಿಸು. ತಲೆಯ ಅಳತೆಯಲ್ಲಿ ಅವಳು ಎಷ್ಟು ಎತ್ತರ ಅಂತ ಅಡ್ಡಗೆರೆ ಎಳೆದು ಗುರುತು ಮಾಡು, ಪಕ್ಕದಲ್ಲೇ ಒನಕೆ ಬರಿ. ಬಗ್ಗಿದ ಭಂಗಿ, ಒನಕೆ ಎತ್ತಿದ ಭಂಗಿಯೂ ಇರಲಿ, ಯಾಕೆಂದರೆ ನೆಟ್ಟಗೆ ನಿಂತಾಗ ಯಾರ ಅಳತೆಯೂ ತಪ್ಪುವುದಿಲ್ಲ. ಆಮೇಲೆ ಪ್ರತಿ ಪ್ಯಾನೆಲ್‌ನಲ್ಲೂ ಅವಳನ್ನು ಪೂರ್ತಿ ಕಪ್ಪು ತುಂಬಿ ನೋಡು. ತುರುಬು, ಕಚ್ಚೆ, ಒನಕೆ ಇಷ್ಟರಲ್ಲೇ ಅವಳ ಗುರುತು ಸಿಗಬೇಕು. ಸಿಕ್ಕರೆ ಮುಖದಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಓದುಗ ಕ್ಷಮಿಸುತ್ತಾನೆ. ನಿನ್ನ ಸೈನಿಕರಲ್ಲಿ ಇಬ್ಬರಿಗೆ ಅವಳದ್ದೇ ಮೈಕಟ್ಟು, ಅವರಿಗೆ ಪೇಟ ದೊಡ್ಡದು ಮಾಡು.

ಬಲೂನುಗಳನ್ನು ಕೊನೆಗೆ ತುರುಕಬೇಡ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಸಾಲುಗಳ ನಡುವೆ ಜಾಗ ಬೇಕು. ಪದಗಳೂ ಉದ್ದ. ಪೆನ್ಸಿಲ್ ಹಂತದಲ್ಲೇ ಮಾತು ಬರೆದು ಸುತ್ತ ಬಲೂನು ಎಳೆ, ಉಳಿದ ಜಾಗದಲ್ಲಿ ಮನುಷ್ಯರನ್ನು ನಿಲ್ಲಿಸು. ಮೊದಲು ಮಾತಾಡುವವರ ಬಲೂನು ಎಡಕ್ಕೆ, ಸ್ವಲ್ಪ ಮೇಲೆ. ಎರಡನೇ ಪ್ಯಾನೆಲ್‌ನಲ್ಲಿ ಗಂಡ ನೀರು ಕೇಳುವ ಮೊದಲೇ ಅವಳು 'ತರ್ತೀನಿ' ಅಂದುಬಿಟ್ಟಿದ್ದಾಳೆ. ಅವನನ್ನು ಎಡಕ್ಕೆ ಕೂರಿಸು.

ಎರಡನೆಯದನ್ನೇ ಹಿಡಿದುಕೊಂಡು ಹೊಸ ಪುಟ ಮಾಡು, ಹೆಣ ಎಳೆಯುವ ಪ್ಯಾನೆಲ್ ಸೇರಿಸು. ಮೊದಲನೆಯ ಸ್ಕೆಚ್‌ನ ದೊಡ್ಡ ಓಬವ್ವ ಮುಖಪುಟಕ್ಕೆ ಇರಲಿ. ಇಂಕ್ ಮಾಡುವ ಮೊದಲೇ ನನಗೆ ಕಳಿಸು, ಫೋಟೊ ತೆಗೆಯುವಾಗ ಮೊಬೈಲ್ ನೇರ ಹಿಡಿ.

ನಿನ್ನ,
ಅಣ್ಣ
ದಾವಣಗೆರೆ