ಮಿಷನ್ ನುಂಗಿದ 37 ನೋಟು

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಬ್ಯಾಂಕಿನ ಡಿಪಾಸಿಟ್ ಮಿಷನ್ನಿಗೆ ನೀನು ಹಾಕಿದ ದುಡ್ಡು ಖಾತೆಗೆ ಬಂದಿಲ್ಲವಂತೆ. ನಾಳೆ ಹೋಗಿ 20,000 ರೂಪಾಯಿಗೆ ದೂರು ಕೊಡುತ್ತೀಯಂತೆ. ಸ್ವಲ್ಪ ತಡಿ, ಲೆಕ್ಕ ಅಲ್ಲೇ ತಪ್ಪಿದೆ.

ನೀನು 500ರ 40 ನೋಟು ಇಟ್ಟೆ. ಅದರಲ್ಲಿ ಹರಿದ 3 ನೋಟನ್ನು ಮಿಷನ್ ವಾಪಸ್ ಕೊಟ್ಟಿತು, ನೀನು ಜೇಬಿಗೆ ಹಾಕಿಕೊಂಡೆ. ಪರದೆ ಮೇಲೆ 37 ಅಂತ ಕಂಡಮೇಲೆ ಒಪ್ಪಿಗೆಯ ಬಟನ್ ಒತ್ತಿದೆ, ಆಮೇಲೆ ಮಿಷನ್ ನಿಂತುಹೋಯಿತು. ಅಂದರೆ ಒಳಗಿರುವುದು 18,500 ರೂಪಾಯಿ. ದೂರಿನಲ್ಲಿ ಬರೆಯಬೇಕಾದ್ದು ಅಷ್ಟೇ.

ಒಂದೂವರೆ ಸಾವಿರಕ್ಕೆ ಇಷ್ಟೊಂದು ತಕರಾರು ಯಾಕೆ ಅನ್ನಬೇಡ. ನಾನು ಕ್ಯಾಷಿಯರ್ ಆಗಿದ್ದಾಗ ಆ ಮಿಷನ್ ತೆರೆದು ಎಣಿಸುವ ಕೆಲಸ ನನ್ನದೇ ಆಗಿತ್ತು. ನೋಟು ಮೊದಲು ಒಳಗಿನ ಒಂದು ತಾತ್ಕಾಲಿಕ ಅರೆಯಲ್ಲಿ ನಿಲ್ಲುತ್ತದೆ. ನೀನು ಒಪ್ಪಿದ ಮೇಲೆ ಕ್ಯಾಸೆಟ್ಟಿಗೆ, ಅಂದರೆ ನೋಟು ತುಂಬುವ ಪೆಟ್ಟಿಗೆಗೆ, ಇಳಿಯುತ್ತದೆ. ಅದೇ ಹೊತ್ತಿಗೆ ಬ್ಯಾಂಕಿನ ಸರ್ವರಿಗೆ ಸುದ್ದಿ ಹೋಗಿ ಉತ್ತರ ಬರಬೇಕು. ನಡುವೆ ಲೈನ್ ಕಡಿದರೆ ನೋಟು ಮಿಷನ್ನಿನ ಒಳಗೆ, ಲೆಕ್ಕ ಹೊರಗೆ. ಮುಂದೆ ಮಿಷನ್ ಎಣಿಸುವಾಗ ಅಷ್ಟು ಹಣ ಹೆಚ್ಚಿಗೆ ಸಿಗುತ್ತದೆ. ಅದನ್ನು ಬೇರೆ ಖಾತೆಯಲ್ಲಿ ಎತ್ತಿಡುತ್ತಾರೆ, ಯಾರದು ಅಂತ ಗೊತ್ತಾಗುವ ತನಕ. ನಿನ್ನ ದೂರಿನ ಮೊತ್ತವೂ ಆ ಹೆಚ್ಚುವರಿ ಮೊತ್ತವೂ ಒಂದೇ ಆಗಿದ್ದರೆ ಕೆಲಸ ಸಲೀಸು. ನೀನು 20,000 ಅಂದು ಅಲ್ಲಿ 18,500 ಸಿಕ್ಕರೆ, ‘ಹೊಂದುತ್ತಿಲ್ಲ’ ಅಂತ ಬರೆದು ಕಡತ ಮುಚ್ಚಿಬಿಡುತ್ತಾರೆ.

ಒಂದು ಸಲ ನಮ್ಮಲ್ಲಿ 5,000 ಹೆಚ್ಚಿಗೆ ಬಂದಿತ್ತು, ಕೇಳಿಕೊಂಡು ಬಂದವರು ಇಬ್ಬರು! ಒಬ್ಬರು ‘ಸಂಜೆ ಹೊತ್ತು’ ಅಂದರು. ಇನ್ನೊಬ್ಬರು ‘6.40ಕ್ಕೆ, 500ರ 10 ನೋಟು’ ಅಂದರು. ಮಿಷನ್ ಪ್ರತಿ ಹೆಜ್ಜೆಯನ್ನೂ ಬರೆದಿಡುತ್ತದೆ, ಅದಕ್ಕೆ ಇಜೆ ಲಾಗ್ ಅನ್ನುತ್ತೇವೆ. ತೆಗೆದು ನೋಡಿದೆವು. ಎರಡನೆಯವರ ಮಾತೇ ಅದರಲ್ಲಿತ್ತು.

ಹಾಗಾಗಿ ಚೀಟಿ ಹುಡುಕು. ‘ವಿಫಲ’ ಅಂತ ಬಂದಿದ್ದರೂ ಬಿಸಾಡಬೇಡ, ಅದರಲ್ಲಿ ಮಿಷನ್ ಸಂಖ್ಯೆ, ವೇಳೆ, ವ್ಯವಹಾರದ ಸಂಖ್ಯೆ ಇರುತ್ತವೆ. ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಈಗಲೇ ಫೋಟೋ ತೆಗೆದಿಡು. ಚೀಟಿ ಬಂದೇ ಇಲ್ಲದಿದ್ದರೆ ಮಿಷನ್ ಮೇಲೆ ಅಂಟಿಸಿರುವ ಸಂಖ್ಯೆ ಬರೆದುಕೊಂಡು ಬಾ.

ದೂರು ಕೊಡುವ ಮುಂಚೆ ಖಾತೆಯ ಸ್ಟೇಟ್‌ಮೆಂಟ್ ಒಮ್ಮೆ ನೋಡು. ಮೆಸೇಜ್ ಬರದಿದ್ದರೂ ಕೆಲವೊಮ್ಮೆ ಹಣ ತಾನಾಗೇ ಜಮಾ ಆಗಿರುತ್ತದೆ. ಆಗಿಲ್ಲದಿದ್ದರೆ ಮಿಷನ್ ಇರುವ ಶಾಖೆಗೇ ನಾಳೆ ಬೆಳಿಗ್ಗೆ ಹೋಗು, ಎಣಿಸುವವರು ಅವರು. ನಿನ್ನ ಖಾತೆ ಬೇರೆ ಶಾಖೆಯಲ್ಲಿದ್ದರೆ ಅಲ್ಲೂ ಒಂದು ಪ್ರತಿ ಕೊಡು. ಬಾಯಿಮಾತಿನಲ್ಲಿ ಹೇಳಿ ಬರಬೇಡ. ದಿನಾಂಕ, ವೇಳೆ, ಮಿಷನ್ ಸಂಖ್ಯೆ, ‘500ರ 37 ನೋಟು, 3 ನೋಟು ವಾಪಸ್’ ಇಷ್ಟು ಬರೆದು, ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಅಂತ ಒಂದು ಸಾಲು ಸೇರಿಸು. ಹಳೆ ದೃಶ್ಯದ ಮೇಲೆ ಹೊಸದು ಬರೆದುಹೋಗುತ್ತದೆ, ಅದಕ್ಕೇ ಈ ಅವಸರ. ನಿನ್ನ ಪ್ರತಿಗೆ ಸೀಲು ಹಾಕಿಸಿಕೊಂಡು ದೂರಿನ ಸಂಖ್ಯೆ ಕೇಳು. ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ.

ಎಟಿಎಂ ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ನಿನ್ನ ಗೆಳೆಯ ಹೇಳಿದನಂತಲ್ವಾ? ರಿಸರ್ವ್ ಬ್ಯಾಂಕಿನ 2019ರ ಆ ಸುತ್ತೋಲೆಯಲ್ಲಿ ಎಟಿಎಂ ಬಗ್ಗೆ ಇರುವುದು ಖಾತೆಯಿಂದ ಕಡಿತವಾಗಿಯೂ ನೋಟು ಹೊರಗೆ ಬರದ ಪ್ರಸಂಗ. ನಿನ್ನದು ಅದರ ತಿರುವುಮುರುವು. ಅದನ್ನು ಹಿಡಿದುಕೊಂಡು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡ.

‘ಹೆಚ್ಚುವರಿ ಹಣ ಇಲ್ಲ’ ಅಂದರೆ, ಯಾವ ದಿನ ಎಣಿಸಿದಿರಿ, ಇಜೆ ಲಾಗ್‌ನಲ್ಲಿ ಆ ವೇಳೆಗೆ ಏನಿದೆ ಅಂತ ಬರಹದಲ್ಲೇ ಕೇಳು. ಮಿಷನ್ ಹಿಂದಿರುಗಿಸಲು ಹೋಗಿ ಮತ್ತೆ ಒಳಗೆಳೆದುಕೊಂಡ ನೋಟು ಬೇರೆ ಡಬ್ಬಿಗೆ ಬೀಳುತ್ತದೆ. ಅದನ್ನು ಎಣಿಸಲು ಮರೆತದ್ದನ್ನು ನಾನೇ ನೋಡಿದ್ದೇನೆ. 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕು. ಖರ್ಚೇನೂ ಇಲ್ಲ, ಆದರೆ ಮೊದಲು ಬ್ಯಾಂಕಿಗೆ ಕೊಟ್ಟ ದೂರಿನ ವಿವರ ಬೇಕೇ ಬೇಕು.

ಇನ್ನೊಂದು ಮಾತು. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡ. ಕಾರ್ಡಿನ ಹಿಂದೆಯೇ ನಂಬರ್ ಇದೆ. ಹಣ ಹಾಕಿಕೊಡಲು ಒಟಿಪಿ ಕೇಳಿದರೆ ಅವನು ಕಳ್ಳನೇ.

ಆ 3 ನೋಟನ್ನು ಖರ್ಚು ಮಾಡದೆ ಹಾಗೇ ಇಟ್ಟುಕೊಂಡು ಹೋಗು, ಶಾಖೆಯಲ್ಲೇ ಬದಲಾಯಿಸಿಕೊಳ್ಳಬಹುದು. ಚೀಟಿಯ ಫೋಟೋ ರಾತ್ರಿಯೊಳಗೆ ನನಗೂ ಕಳಿಸು, ಪತ್ರದ ಕರಡು ನಾನೇ ನೋಡಿಕೊಡುತ್ತೇನೆ.

ಇತಿ,
ನಿನ್ನ ಸೋದರಮಾವ