ನಾಮಿನಿ ಮೂರು ಜನ, ವಿಲ್ ಒಂದು

ಉಡುಪಿ,
ಭಾನುವಾರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು "ಈಗ್ಯಾಕಪ್ಪ ಅದೆಲ್ಲ" ಅಂತ ಮಾತು ತಿರುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು, ಅವಸರವೇನಿಲ್ಲ. ನನಗೆ ಬಿಪಿ ಬಿಟ್ಟರೆ ಬೇರೆ ಏನೂ ಆಗಿಲ್ಲ.

ನಿನ್ನೆ ಬ್ಯಾಂಕಿಗೆ ಹೋಗಿದ್ದೆ. ರಿಟೈರ್ ಆದಾಗ ಇಟ್ಟ 20 ಲಕ್ಷದ ಎಫ್‌ಡಿಗೆ ಇಷ್ಟು ದಿನ ಅಮ್ಮ ಒಬ್ಬಳೇ ನಾಮಿನಿ. ಆಗ ಒಬ್ಬರ ಹೆಸರು ಹಾಕಲಿಕ್ಕೆ ಮಾತ್ರ ಅವಕಾಶವಿತ್ತು. 2025ರ ನವೆಂಬರ್ 1ರಿಂದ ನಾಲ್ಕು ಜನರ ತನಕ ಹಾಕಬಹುದು. ಯಾರಿಗೆ ಎಷ್ಟು ಪರ್ಸೆಂಟ್ ಅಂತಲೂ ಬರೆಯಬೇಕು. ನಾನು ಮೊದಲು ಮೂವರಿಗೂ ಸಮ ಇರಲಿ ಅಂತ 33, 33, 33 ಬರೆದು ಕೊಟ್ಟೆ. ಕೌಂಟರಿನ ಹುಡುಗಿ ಕೂಡಿಸಿ ನೋಡಿ ನಕ್ಕಳು. "ಸಾರ್, ಉಳಿದ ಒಂದು ಪರ್ಸೆಂಟ್ ನನಗಾ?" ಒಟ್ಟು ಸರಿಯಾಗಿ 100 ಆಗಲೇಬೇಕಂತೆ. ಬೇರೆ ಫಾರಂ ಇಸ್ಕೊಂಡು ಅಮ್ಮನಿಗೆ 50, ನಿನಗೆ 25, ತಮ್ಮನಿಗೆ 25 ಅಂತ ಬರೆದೆ.

ಇನ್ನೊಂದು ಬಗೆಯೂ ಉಂಟು. ಪರ್ಸೆಂಟ್ ಇಲ್ಲದೆ ಒಬ್ಬರ ನಂತರ ಒಬ್ಬರು ಅಂತ ಸಾಲಾಗಿ ಹೆಸರು ಕೊಡುವುದು. ಮೊದಲಿನವರು ಇಲ್ಲವಾದರೆ ಮಾತ್ರ ಎರಡನೆಯವರ ಸರದಿ. ಲಾಕರಿಗೆ ಇದೊಂದೇ ದಾರಿ, ಅಲ್ಲಿ ಪರ್ಸೆಂಟ್ ನಡೆಯುವುದಿಲ್ಲ. ಬಳೆಯನ್ನು ತುಂಡು ಮಾಡಿ ಕೊಡಲಿಕ್ಕಾಗುತ್ತದಾ?

ಪರ್ಸೆಂಟ್ ಬರೆಯುವಾಗ ಒಂದು ವಿಷಯ ನೆನಪಿರಬೇಕು. ಅಮ್ಮನೇ ನನಗಿಂತ ಮೊದಲು ಹೋದಳು, ನಾನು ಫಾರಂ ಬದಲಿಸಲು ಮರೆತೆ ಅಂದುಕೋ. ಅವಳ 50 ಪರ್ಸೆಂಟ್ ತಾನಾಗಿ ನಿಮಗಿಬ್ಬರಿಗೆ ಬರುವುದಿಲ್ಲ. ಆ 10 ಲಕ್ಷಕ್ಕೆ ನಾಮಿನಿಯೇ ಇಲ್ಲ ಅಂತ ಲೆಕ್ಕ. ನಿಮ್ಮ ಭಾಗ ನಿಮಗೆ ಸಿಗುತ್ತದೆ, ಅಮ್ಮನ ಆ ಭಾಗಕ್ಕೆ ಮಾತ್ರ ವಾರಸುದಾರರ ಕಾಗದಪತ್ರ ಹಿಡಿದು ಓಡಾಡಬೇಕು.

ನಾನು ಸಹಿ ಹಾಕುತ್ತಿದ್ದಾಗ ಹಿಂದೆ ಸಾಲಿನಲ್ಲಿದ್ದ ಪರಿಚಯದವರು ಇಣುಕಿ ನೋಡಿ ಹೇಳಿದರು, "ಭಾಗ ಮಾಡಿಯೇ ಆಯ್ತಲ್ಲ ಮಾರಾಯ್ರೆ, ಇನ್ನು ವಿಲ್ ಗಿಲ್ ಬೇಡ." ಅವರನ್ನು ಏನಂತ ಹೇಳಲಿ, 27 ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ.

ಅಜ್ಜ ತೀರಿಕೊಂಡಾಗ ಅವರ ಠೇವಣಿಗೆ ನಾನೇ ನಾಮಿನಿ. ಬ್ಯಾಂಕಿನವರು ದುಡ್ಡು ಕೊಟ್ಟರು, ನನ್ನ ಖಾತೆಗೆ ಹಾಕಿಕೊಂಡೆ. ತಿಥಿಯ ದಿನ ಊಟ ಆದ ಮೇಲೆ ನಿನ್ನ ಅತ್ತೆ ಮೆಲ್ಲಗೆ ಕೇಳಿದಳು, "ಅಣ್ಣಾ, ಅಪ್ಪನ ದುಡ್ಡಲ್ಲಿ ನನಗೇನೂ ಇಲ್ವಾ?" ನಾನು ಪಾಸ್‌ಬುಕ್ ತಂದು ಅವಳ ಮುಂದೆ ಹಿಡಿದೆ. "ನೋಡು, ಯಾರ ಹೆಸರಿದೆ?" ಅವಳು ಮತ್ತೆ ಮಾತಾಡಲಿಲ್ಲ. ಎರಡು ಚೌತಿ ನಮ್ಮ ಮನೆಗೆ ಬರಲೂ ಇಲ್ಲ. ಆಮೇಲೆ ಬೇರೆ ಕೆಲಸಕ್ಕೆ ವಕೀಲರ ಹತ್ತಿರ ಹೋದಾಗ ಮಾತಿಗೆ ಮಾತು ಬಂದು ನಿಜ ಗೊತ್ತಾಯಿತು. ಆ ದುಡ್ಡು ಅಜ್ಜಿ, ನಾನು, ಚಿಕ್ಕಪ್ಪ, ಅತ್ತೆ ನಾಲ್ಕೂ ಜನರದ್ದಾಗಿತ್ತು. ಅತ್ತೆಯ ಭಾಗ ನಾನೇ ಹೋಗಿ ಕೊಟ್ಟು ಬಂದೆ. ಕಾಫಿ ಕೊಟ್ಟಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಮಿನಿ ಅಂದರೆ ಬ್ಯಾಂಕು ಯಾರ ಕೈಗೆ ದುಡ್ಡು ಕೊಡಬೇಕು ಅನ್ನುವುದಕ್ಕೆ ಉತ್ತರ ಮಾತ್ರ. ಅವರ ಕೈಗೆ ಕೊಟ್ಟ ಕೂಡಲೇ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಆ ದುಡ್ಡು ಕೊನೆಗೆ ಯಾರದ್ದು ಅಂತ ಹೇಳುವುದು ವಿಲ್, ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆ. ಬ್ಯಾಂಕ್ ಠೇವಣಿಯ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಈಗ ನಮ್ಮ ಮನೆಯ ಲೆಕ್ಕ ನೋಡು. ನಾನು ವಿಲ್ ಬರೆಯದೆ ಹೋದೆ ಅಂತಿಟ್ಟುಕೋ. ಬ್ಯಾಂಕು ಫಾರಂ ಪ್ರಕಾರ ಅಮ್ಮನಿಗೆ 10 ಲಕ್ಷ, ನಿಮಗೆ ತಲಾ 5 ಲಕ್ಷ ಕೊಡುತ್ತದೆ. ಆದರೆ ಕಾಯ್ದೆಯ ಲೆಕ್ಕ ಬೇರೆ. ಹಿಂದೂ ಗಂಡಸು ವಿಲ್ ಇಲ್ಲದೆ ಸತ್ತರೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು. ಅಂದರೆ ಅಮ್ಮ, ನೀನು, ತಮ್ಮ, ಅಜ್ಜಿ, ನಾಲ್ವರಿಗೂ ತಲಾ 5 ಲಕ್ಷ. ಅಮ್ಮನ ಕೈಗೆ ಬಂದ 10ರಲ್ಲಿ 5 ಲಕ್ಷ ಅಜ್ಜಿಯದ್ದು!

ಅಜ್ಜಿ ಕೇಳುವುದಿಲ್ಲ, ನಿಜ. ಅವರಿಗೆ ಎಲೆ ಅಡಿಕೆ ಸರಿಯಾಗಿ ಸಿಕ್ಕಿದರೆ ಸಾಕು. ಆದರೆ ಅವರು ಕೇಳದಿದ್ದರೆ ಹಕ್ಕು ಹೋಗುವುದಿಲ್ಲ. ಅವರ ನಂತರ ಆ 5 ಲಕ್ಷ ಮೂರು ಪಾಲಾಗುತ್ತದೆ. ಅತ್ತೆಗೆ ಒಂದು, ಚಿಕ್ಕಪ್ಪನಿಗೆ ಒಂದು, ನನ್ನ ಪಾಲು ನಿಮಗಿಬ್ಬರಿಗೆ. ಅಷ್ಟರಲ್ಲಿ ಅಮ್ಮ ಆ ದುಡ್ಡಿನಲ್ಲಿ ಮನೆಯ ಹಂಚು ಬದಲಿಸಿ ಮುಗಿಸಿರುತ್ತಾಳೆ. ಚಿಕ್ಕಪ್ಪ ಒಳ್ಳೆಯವನೇ. ನಾನೂ ಒಳ್ಳೆಯವನೇ ಆಗಿದ್ದೆ, ಅತ್ತೆಗೆ ಪಾಸ್‌ಬುಕ್ ತೋರಿಸಿದೆ.

ಅದಕ್ಕೆ ವಿಲ್ ಬರೆದಿದ್ದೇನೆ. ಎಫ್‌ಡಿ ಭಾಗವನ್ನು ಬೇಕೆಂದೇ ನಾಮಿನಿ ಫಾರಂನಲ್ಲಿದ್ದ ಹಾಗೇ 50, 25, 25 ಅಂತ ಇಟ್ಟೆ. ಎರಡೂ ಒಂದೇ ಇದ್ದರೆ ಒಬ್ಬರ ಕೈಗೆ ಬಂದದ್ದನ್ನು ಇನ್ನೊಬ್ಬರಿಗೆ ಎಣಿಸಿ ಕೊಡುವ ಕೆಲಸವಿಲ್ಲ. ಅಜ್ಜಿಗೆ ನನ್ನ ಎಸ್‌ಬಿ ಖಾತೆಯಿಂದ 2 ಲಕ್ಷ ಬರೆದಿದ್ದೇನೆ. ಆ ಖಾತೆಯ ನಾಮಿನಿ ಅಮ್ಮ. ದುಡ್ಡು ಅವಳ ಕೈಗೇ ಬರುತ್ತದೆ, ಆದರೆ ಅದರಲ್ಲಿ 2 ಲಕ್ಷ ಅಜ್ಜಿಯದ್ದು ಅಂತ ನಿಮಗೆಲ್ಲ ಗೊತ್ತಿರಲಿ.

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದೆ, ಅವರಿಬ್ಬರೂ ನನ್ನೆದುರೇ ಸಹಿ ಹಾಕಿದರು. ಇಬ್ಬರೂ ನನಗಿಂತ ಚಿಕ್ಕವರು, ಇಬ್ಬರಿಗೂ ವಿಲ್‌ನಿಂದ ಒಂದು ರೂಪಾಯಿಯೂ ಇಲ್ಲ. ನಾಳೆ ತಕರಾರು ಬಂದರೆ ಬಂದು ಸಾಕ್ಷಿ ಹೇಳಬೇಕಾದವರು ಅವರೇ ಅಲ್ವಾ. ರಿಜಿಸ್ಟರ್ ಮಾಡಲೇಬೇಕು ಅಂತಿಲ್ಲ. ಆದರೂ ಮಳೆ ಸ್ವಲ್ಪ ಬಿಟ್ಟ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡಿಸುತ್ತೇನೆ.

ಮೊದಲ ಸಲ ಬರೆದದ್ದನ್ನು ಹರಿದು ಹಾಕಬೇಕಾಯಿತು. ಎಫ್‌ಡಿ ನಂಬರ್ ಸಮೇತ ಬರೆದಿದ್ದೆ. ರಸೀದಿ ತೆಗೆದು ನೋಡಿದರೆ ರಿನ್ಯೂ ಆಗಿ ನಂಬರೇ ಬದಲಾಗಿತ್ತು. ಈಗ "ನಾನು ಸಾಯುವ ಹೊತ್ತಿಗೆ ನನ್ನ ಹೆಸರಿನಲ್ಲಿರುವ ಎಲ್ಲ ಬ್ಯಾಂಕು ಮತ್ತು ಪೋಸ್ಟಾಫೀಸು ಠೇವಣಿಗಳು" ಅಂತ ಬರೆದಿದ್ದೇನೆ. ಕೊನೆಗೆ, ಹೇಳದೆ ಬಿಟ್ಟು ಹೋದದ್ದು ಏನಿದ್ದರೂ ಅಮ್ಮನಿಗೆ ಅಂತ ಒಂದು ಸಾಲು. ಮನೆ, ಜಾಗದ ಮಾತೂ ಅದರಲ್ಲೇ ಇದೆ. ಅದಕ್ಕೆ ಯಾವ ನಾಮಿನಿ ಫಾರಂ ಇರುತ್ತದೆ ಹೇಳು!

ಲಾಕರಿನಲ್ಲಿರುವ ಚಿನ್ನ ಮಾತ್ರ ನನ್ನ ವಿಲ್‌ನಲ್ಲಿ ಇಲ್ಲ. ಅದು ಅಮ್ಮನದ್ದು, ಅವಳೇ ಬರೆಯಬೇಕು. ಹೇಳಿದ್ದಕ್ಕೆ "ನಿಮ್ಮದಾಯ್ತಲ್ಲ, ಇನ್ನು ನನ್ನದಕ್ಕೆ ಕೈ ಹಾಕಬೇಡಿ" ಅಂದಳು. ನೀನೇ ಒಂದು ಮಾತು ಹೇಳು.

ವಿಲ್ ಗೋದ್ರೇಜ್ ಕಪಾಟಿನ ಒಳಗಿನ ಖಾನೆಯಲ್ಲಿ, ನೀಲಿ ಫೈಲಿನಲ್ಲಿದೆ. ಕೀಲಿಕೈ ಎಲ್ಲಿದೆ ಅಂತ ನಿನಗೆ ಗೊತ್ತು. ಚೌತಿಗೆ ಬರುವಾಗ ನಿನ್ನ ಪಾಸ್‌ಬುಕ್ಕೂ ತಾ. ಮದುವೆಗೆ ಮುಂಚೆ ತೆರೆದ ಖಾತೆ ಅದು, ನಾಮಿನಿ ಇನ್ನೂ ನಾನೇ ಇರಬೇಕು.

ನಿನ್ನ
ಅಪ್ಪ