ಒಂದೇ ಸಲ ಕೂತು ಮೂರು ಬರಹ: ಮಗಳಿಗೊಂದು ಪತ್ರ

ಹಾಸನ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚಿಕ್ಕಮಗಳೂರಿನಲ್ಲಿ ನಿನ್ನ ಟೈಪಿಂಗ್ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಅಂತ ನಿಮ್ಮಪ್ಪ ಹೇಳಿದ. ಒಂದೇ ಬೆಳಿಗ್ಗೆ ಪೌತಿ ಖಾತೆ ಅರ್ಜಿ, ಲಗ್ನಪತ್ರಿಕೆ, ಹನ್ನೊಂದನೇ ದಿನದ ಕಾರ್ಡು ಮೂರೂ ಬಂದು ತಲೆ ಕೆಡುತ್ತದೆ ಅಂದೆಯಂತೆ. ಅರ್ಜಿ ಬರೆದೇ ಬದುಕಿದವನು ನಾನು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಯಾರೇ ಬರಲಿ, ಟೈಪ್ ಶುರು ಮಾಡುವ ಮುಂಚೆ ಒಂದು ಚೀಟಿ ಇಡು. ಹೆಸರು, ಊರು, ತಾರೀಕು ಅಷ್ಟೇ ಅದರಲ್ಲಿರಲಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಬೇಡ, ಕಾಗದ ನೋಡಿ ಬರೆ. ಯಾವ ಕಾಗದ ಅನ್ನುವುದು ಕೆಲಸದ ಮೇಲೆ ನಿಂತಿದೆ. ಪೌತಿ ಖಾತೆಗೆ ತೀರಿಕೊಂಡವರ ಹೆಸರು ಪಹಣಿಯಲ್ಲಿ ಹೇಗಿದೆಯೋ ಹಾಗೇ ಬರಬೇಕು. ಪಹಣಿಯಲ್ಲಿ ‘ಲಕ್ಕಮ್ಮ ಕೋಂ ರಂಗೇಗೌಡ’ ಅಂತಿದ್ದು, ಮರಣ ಪ್ರಮಾಣಪತ್ರದಲ್ಲಿ ‘ಲಕ್ಷ್ಮಮ್ಮ’ ಅಂತಿದ್ದರೆ, ನಿನ್ನ ಕಿವಿಗೆ ಚೆಂದ ಕಂಡಿದ್ದನ್ನು ಆರಿಸುವ ಹಕ್ಕು ನಿನಗಿಲ್ಲ. ‘ಲಕ್ಕಮ್ಮ ಉರುಫ್ ಲಕ್ಷ್ಮಮ್ಮ’ ಅಂತ ಮೊದಲ ಸಲ ಹಾಕು. ಆಮೇಲೆ ಕೊನೆಯವರೆಗೂ ಪಹಣಿಯ ಹೆಸರನ್ನೇ ಹಿಡಿ. ಲಗ್ನಪತ್ರಿಕೆಗೆ ಇದು ಬೇಕಿಲ್ಲ, ಮನೆಯವರು ಇಷ್ಟಪಡುವ ಹೆಸರೇ ಸರಿ. ಆದರೆ ಅವರ ಕೈಯಲ್ಲೇ ಚೀಟಿ ಬರೆಸು.

ತಾರೀಕು ಇನ್ನೂ ನಾಜೂಕು. ನಮ್ಮ ಕಡೆ ಧಾರೆ ಬೆಳಗಿನ ಜಾವಕ್ಕೆ ಇರುವುದು ಉಂಟಲ್ವಾ. ಪಂಚಾಂಗಕ್ಕೆ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ, ಕ್ಯಾಲೆಂಡರಿಗೆ ನಡುರಾತ್ರಿ. ಹಾಗಾಗಿ ಪುರೋಹಿತರ ಚೀಟಿಯಲ್ಲಿ ‘26-4-2026 ಭಾನುವಾರ ರಾತ್ರಿ 4-30’ ಅಂತಿದ್ದರೆ ಅದು ಕ್ಯಾಲೆಂಡರಿನ ಸೋಮವಾರ ಆಗಬಹುದು. ನೀನೇ ಊಹೆ ಮಾಡಬೇಡ. ‘ಆರತಕ್ಷತೆ ಯಾವತ್ತು ಸಂಜೆ?’ ಅಂತ ಕೇಳು. ಹಿಂದಿನ ಸಂಜೆ ಆರತಕ್ಷತೆ ಇಟ್ಟುಕೊಂಡ ಮನೆಯವರು ಶನಿವಾರ ಅಂದರೆ ಧಾರೆ ಭಾನುವಾರ ಬೆಳಗಿನ ಜಾವ, 26-4-2026. ಭಾನುವಾರ ಸಂಜೆ ಅಂದರೆ 27.

ಹನ್ನೊಂದನೇ ದಿನದ ಲೆಕ್ಕದಲ್ಲೂ ಒಂದು ಗುಂಡಿ ಇದೆ. ತೀರಿಕೊಂಡ ದಿನವೇ ಸಾಮಾನ್ಯವಾಗಿ ಮೊದಲನೇ ದಿನ. 10-4-2026ರ ಶುಕ್ರವಾರ ಹೋದವರಿಗೆ ಹನ್ನೊಂದನೇ ದಿನ 20ರ ಸೋಮವಾರ, 21 ಅಲ್ಲ. ಕೆಲವು ಮನೆಗಳಲ್ಲಿ ಬೇರೆ ರೂಢಿ ಇರುತ್ತದೆ, ಅವರು ಹೇಳಿದ್ದೇ ಕೊನೆ ಮಾತು. ತಾರೀಕಿನ ಪಕ್ಕ ವಾರ ಹಾಕದೆ ಯಾವ ಕಾಗದವನ್ನೂ ಕೊಡಬೇಡ. ಎರಡೂ ಹೊಂದದಿದ್ದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಇನ್ನು ಧಾಟಿ. ತಂದೆ-ಮಗನ ಸಂಬಂಧವನ್ನೇ ನೋಡು. ಅರ್ಜಿಯಲ್ಲಿ ‘ಬಿನ್’, ಲಗ್ನಪತ್ರಿಕೆಯಲ್ಲಿ ‘ಇವರ ಜ್ಯೇಷ್ಠ ಪುತ್ರ ಚಿ|| ರಾ||’, ಹನ್ನೊಂದನೇ ದಿನದ ಕಾರ್ಡಿನಲ್ಲಿ ‘ನಮ್ಮ ಪೂಜ್ಯ ತಂದೆಯವರು’. ಲಗ್ನಪತ್ರಿಕೆಗೆ ‘ಸದರಿ ವಧು’ ಅಂತ ಬಂದುಬಿಟ್ಟರೆ ನಗುತ್ತಾರೆ, ಹೋಗಲಿ. ಆದರೆ ಸಾವಿನ ಕಾರ್ಡಿನ ಕೆಳಗೆ ‘ತಮ್ಮ ಸುಖಾಗಮನವನ್ನು ಬಯಸುವ’ ಉಳಿದರೆ ಆ ಮನೆಯವರು ಜನ್ಮದಲ್ಲಿ ಮರೆಯುವುದಿಲ್ಲ. ಇದು ಹೇಗಾಗುತ್ತದೆ ಗೊತ್ತಾ? ಲಗ್ನಪತ್ರಿಕೆಯ ಫೈಲ್ ತೆರೆದು, ನಡುವಿನದ್ದು ಅಳಿಸಿ, ಹೊಸದು ತುಂಬುತ್ತೇವೆ. ಮೇಲಿನ ‘ಪ್ರಸನ್ನ’ ಮತ್ತು ಕೆಳಗಿನ ಸಾಲು ಕಣ್ಣಿಗೆ ರೂಢಿಯಾಗಿರುವುದರಿಂದ ಕಾಣುವುದೇ ಇಲ್ಲ. ಅದಕ್ಕೆ ಪ್ರತಿ ಬಗೆಗೂ ಹೆಸರು, ತಾರೀಕು ಖಾಲಿ ಬಿಟ್ಟ ಒಂದೊಂದು ಫೈಲ್ ಇಟ್ಟುಕೋ. ಒಂದರಿಂದ ಇನ್ನೊಂದನ್ನು ಮಾಡಲೇಬೇಡ.

ಮೂರೂ ಮುಗಿದ ಮೇಲೆ ಎದ್ದು ಒಂದು ಲೋಟ ಕಾಫಿ ಕುಡಿದು ಬಾ. ಆಮೇಲೆ ಚೀಟಿ ಕೈಯಲ್ಲಿಟ್ಟುಕೊಂಡು ಹೆಸರು, ತಾರೀಕು ಮಾತ್ರ ಕೆಳಗಿನಿಂದ ಮೇಲಕ್ಕೆ ಓದು. ಅರ್ಥ ಹಿಡಿದು ಓದಿದರೆ ಕಣ್ಣು ಹಾರಿಸಿಬಿಡುತ್ತದೆ. ಕಂಪ್ಯೂಟರಿನಲ್ಲಿ ಹಿಂದಿನ ಗಿರಾಕಿಯ ಹೆಸರು, ಊರನ್ನೂ ಹುಡುಕು. ಪೂರ್ತಿ ಪದ ಕೊಡಬೇಡ. ‘ಚಿಕ್ಕಮಗಳೂರು’ ಅಂತ ಹುಡುಕಿದರೆ ‘ಚಿಕ್ಕಮಗಳೂರಿನ’ ಸಿಗುವುದಿಲ್ಲ, ‘ಚಿಕ್ಕಮಗ’ ಅಂತ ಕೊಟ್ಟರೆ ಎರಡೂ ಸಿಗುತ್ತವೆ. ಒಂದೇ ಏಟಿಗೆ ಎಲ್ಲಾ ಬದಲಿಸುವ ಗುಂಡಿ ಒತ್ತಬೇಡ. ‘ರಾಮ’ ಹೋಗಿ ‘ಸೋಮ’ ಬರಲಿ ಅಂದರೆ ‘ಗ್ರಾಮ’ವೂ ಕೆಡಬಹುದು. ಹಳೇ ನುಡಿ ಅಕ್ಷರದ ಫೈಲಿನಲ್ಲಿ ಯೂನಿಕೋಡ್ ಅಕ್ಷರ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ, ಅದನ್ನು ಸರಿಯಿದೆ ಅಂತ ತಿಳಿಯಬೇಡ.

ಕೊನೆಗೆ ಕರಡು ಪ್ರತಿಯ ಮೇಲೆ ಗಿರಾಕಿಯ ಸಹಿ ತಗೋ. ಸಹಿ ಹಾಕುವವರಿಗೆ ಹೆಸರು, ತಾರೀಕು, ವಾರ ಮೂರನ್ನೂ ಜೋರಾಗಿ ಓದಿ ಹೇಳು. ಓದಲು ಬಾರದ ಅಜ್ಜಿ ಬಂದರೆ ಜಾಸ್ತಿ ನಿಧಾನವಾಗಿ ಓದು.

ಉಗಾದಿಗೆ ಬರುವಾಗ ನಿನ್ನ ಖಾಲಿ ಫೈಲುಗಳನ್ನು ತಾ, ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ